ತಡವಾದ ರಿಪೇರಿಗೆ ಕಾಲು ತಿಂಗಳ ಬಾಡಿಗೆ

ಕೆಳಗಿನ ಮನೆಯ ಚಾವಣಿಯಲ್ಲಿ ತೇವ ಕಾಣಿಸಿಕೊಂಡಾಗ ಓನರ್ ಮತ್ತು ಬಾಡಿಗೆದಾರರ ನಡುವಿನ ಮಾತಿನ ಧಾಟಿಯೇ ಬದಲಾಗುತ್ತದೆ. ಮೊದಲ ವಾರ ಕೆಳಗಿನವರು ಮೆತ್ತಗೆ ನೆನಪಿಸುತ್ತಾರೆ. ಎರಡನೇ ವಾರ ವಾಟ್ಸಾಪಿಗೆ ಫೋಟೋ ಕಳಿಸುತ್ತಾರೆ. ಮೂರನೇ ವಾರಕ್ಕೆ ಬಂದರೆ, ಗೇಟಿನ ಹತ್ತಿರ ಎದುರಾದಾಗ ಇಬ್ಬರೂ ಬೇಗ ಬೇಗ ಒಳಗೆ ಹೋಗುತ್ತಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಮೇಲೆ ಓನರ್, ಕೆಳಗೆ ಬಾಡಿಗೆದಾರರು ಇರುವ ಮನೆಗಳು ಸಾವಿರಾರು. ಅಲ್ಲಿ ದಿನಾ ಮುಖ ನೋಡಬೇಕಾದವರ ನಡುವೆ ಒಂದು ರಿಪೇರಿ ತಡವಾದರೆ ಕೆಡುವುದು ಗೋಡೆಯ ಬಣ್ಣವಷ್ಟೇ ಅಲ್ಲ.

ರಿಪೇರಿ ಮುಗಿದ ಮೇಲೆ ಕೆಲವು ಮಾಲೀಕರು ಕೆಳಗಿಳಿದು ಬಂದು ತಪ್ಪಾಯಿತು ಎನ್ನುತ್ತಾರೆ, ಮುಂದಿನ ತಿಂಗಳ ಬಾಡಿಗೆಯಲ್ಲಿ ಒಂದಿಷ್ಟು ಬಿಡುತ್ತಾರೆ. ಇದನ್ನು ಮಾಡಬೇಕೆಂದು ಯಾರೂ ಅವರನ್ನು ಒತ್ತಾಯಿಸಿರುವುದಿಲ್ಲ. ಆದರೆ ಎಷ್ಟು ಬಿಡಬೇಕು, ಯಾವಾಗ ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು ಎಂಬುದು ತಿಳಿಯದೆ ಒಳ್ಳೆಯ ಮನಸ್ಸಿನಿಂದ ಹೊರಟವರೂ ಎಡವುತ್ತಾರೆ. ಐನೂರು ರೂಪಾಯಿ ಬಿಟ್ಟು ಬಾಡಿಗೆದಾರರಿಗೆ ಅವಮಾನ ಮಾಡಿದಂತಾಗುವುದೂ ಉಂಟು, ಬಾಯಿಮಾತಿನಲ್ಲಿ ಬಿಟ್ಟ ಹಣ ಆರು ತಿಂಗಳ ನಂತರ ಜಗಳವಾಗಿ ತಿರುಗುವುದೂ ಉಂಟು. ಹಾಗಾಗಿ ಒಂದು ಮನೆಯನ್ನೇ ಎದುರಿಗಿಟ್ಟುಕೊಂಡು ಈ ವಿಷಯವನ್ನು ಕೊನೆಯವರೆಗೆ ನೋಡೋಣ.

ಬೆಂಗಳೂರಿನ ಯಾವುದೋ ಹಳೆಯ ಬಡಾವಣೆಯ ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ ಎಂದಿಟ್ಟುಕೊಳ್ಳಿ. ಮೇಲೆ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಕೆಳಗೆ ಎರಡು ಬೆಡ್‌ರೂಮಿನ ಮನೆಯಲ್ಲಿ ಗಂಡ, ಹೆಂಡತಿ, ಒಂದು ಮಗು, ಗಂಡನ ವಯಸ್ಸಾದ ತಾಯಿ. ಬಾಡಿಗೆ ತಿಂಗಳಿಗೆ 18,000 ರೂಪಾಯಿ. ಜೂನ್ 10ರಂದು ತಾಯಿ ಮಲಗುವ ರೂಮಿನ ಚಾವಣಿಯಲ್ಲಿ ತಟ್ಟೆಯಗಲದ ತೇವ ಕಾಣಿಸಿತು. ಅದೇ ದಿನ ಮಗ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದರು. ಆ ರೂಮು ಮತ್ತೆ ಮಲಗಲು ಯೋಗ್ಯವಾದದ್ದು ಜುಲೈ 20ಕ್ಕೆ. ಅಲ್ಲಿಯವರೆಗೆ ನಲವತ್ತು ದಿನ ಆ ತಾಯಿ ಹಾಲಿನಲ್ಲಿ, ಟಿವಿ ಪಕ್ಕದಲ್ಲಿ ಮಂಚ ಹಾಕಿಕೊಂಡು ಮಲಗಿದರು.

ಇಷ್ಟು ದಿನ ಏಕೆ ಹಿಡಿಯಿತು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು, ಏಕೆಂದರೆ ಅದು ತಿಳಿಯದೆ ಕೇಳುವ ಕ್ಷಮೆ ಪೊಳ್ಳಾಗಿರುತ್ತದೆ. ತೇವ ಕಾಣಿಸಿದ ಜಾಗದ ಮೇಲೆ ಮೇಷ್ಟ್ರ ಮನೆಯ ಬಚ್ಚಲು ಇತ್ತು. ಆದರೂ ನೀರು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯುವುದು ಸುಲಭವಲ್ಲ. ಚಾವಣಿಯ ತೇವ ಮೂರು ಕಡೆಯಿಂದ ಬರಬಹುದು. ನಲ್ಲಿಗೆ ನೀರು ತರುವ ಪೈಪು ಒಡೆದಿದ್ದರೆ, ಬಚ್ಚಲನ್ನು ಯಾರೂ ಬಳಸದ ರಾತ್ರಿ ಹೊತ್ತಿನಲ್ಲೂ ತೊಟ್ಟಿಕ್ಕುತ್ತಲೇ ಇರುತ್ತದೆ. ತಾರಸಿಯ ಟ್ಯಾಂಕಿನಿಂದ ಇಳಿಯುವ ವಾಲ್ವನ್ನು ರಾತ್ರಿಯಿಡೀ ಮುಚ್ಚಿಟ್ಟು ನೋಡಿದರೆ ಇದು ಗೊತ್ತಾಗುತ್ತದೆ. ಸ್ನಾನ ಮಾಡಿದ ಮೇಲೆ ತೇವ ಹೆಚ್ಚಾಗಿ ಆಮೇಲೆ ಕಡಿಮೆಯಾದರೆ ತೊಂದರೆ ಇರುವುದು ನೀರು ಹೊರಹೋಗುವ ದಾರಿಯಲ್ಲಿ, ಅಂದರೆ ನೆಲದ ಜಾಲರಿಯ ಕೆಳಗಿರುವ ನಹಾನಿ ಟ್ರ್ಯಾಪಿನಲ್ಲೋ ಅದರ ಜಾಯಿಂಟಿನಲ್ಲೋ ಟೈಲ್ಸ್ ಸಂದಿಯಲ್ಲೋ. ಮಳೆ ಬಂದಾಗ ಮಾತ್ರ ಕಾಣಿಸಿಕೊಂಡರೆ ಹೊರಗೋಡೆಯನ್ನೋ ತಾರಸಿಯನ್ನೋ ನೋಡಬೇಕು.

ಮೇಷ್ಟ್ರು ಎರಡು ದಿನದಲ್ಲಿ ಪ್ಲಂಬರನ್ನು ಕರೆಸಿದರು. ಆತ ಟೈಲ್ಸ್ ಸಂದಿಗಳಿಗೆ ಬಿಳಿ ಸಿಮೆಂಟು ತುಂಬಿ, ಇನ್ನು ನಿಲ್ಲುತ್ತದೆ ಎಂದು ಹೇಳಿ ಹೋದ. ಅತಿ ಹೆಚ್ಚು ದಿನ ಹಾಳಾಗುವುದು ಇಲ್ಲೇ. ಬಚ್ಚಲಿನ ನೆಲಕ್ಕೆಂದು ತಗ್ಗಿಸಿ ಹಾಕಿದ ಸ್ಲ್ಯಾಬಿನಲ್ಲಿ ಇಟ್ಟಿಗೆ ಚೂರು, ಸಿಮೆಂಟು ತುಂಬಿರುತ್ತಾರೆ. ಜಾಯಿಂಟಿನಿಂದ ಸೋರಿದ ನೀರು ತಿಂಗಳುಗಟ್ಟಲೆ ಆ ಚೂರುಗಳ ನಡುವೆ ಸೇರಿಕೊಂಡಿರುತ್ತದೆ. ಮೇಲಿನ ಸಂದಿ ಮುಚ್ಚಿದರೂ ಒಳಗಿನ ನೀರು ಇಳಿಯುತ್ತಲೇ ಇರುತ್ತದೆ. ಹೀಗಾಗಿ ರಿಪೇರಿ ಫಲಿಸಿತೋ ಇಲ್ಲವೋ ಎಂಬುದೇ ಹತ್ತು ಹನ್ನೆರಡು ದಿನ ಗೊತ್ತಾಗುವುದಿಲ್ಲ. ಜೂನ್ 22ರ ಹೊತ್ತಿಗೆ ತಟ್ಟೆಯಗಲದ ತೇವ ಹರಿವಾಣದಷ್ಟಾಯಿತು, ಪ್ಲಾಸ್ಟರು ಉಬ್ಬಿತು, ಮೂಲೆಯಲ್ಲಿ ಕಪ್ಪು ಬೂಸ್ಟು ಹಿಡಿಯಿತು.

ಆಗ ಗಾರೆ ಮೇಸ್ತ್ರಿಗೆ ಫೋನು ಹೋಯಿತು. ಅವರು ಬೇರೆ ಕಡೆ ಒಪ್ಪಿಕೊಂಡ ಕೆಲಸ ಮುಗಿಸಿ ಬಂದದ್ದು ಜುಲೈ 5ಕ್ಕೆ. ಅಲ್ಲಿಂದ ಮುಂದಿನ ಕೆಲಸ ಮಾತ್ರ ನೇರವಾಗಿ ನಡೆಯಿತು, ಅದಕ್ಕೂ ಎರಡು ವಾರ ಬೇಕಾಯಿತು. ಟೈಲ್ಸ್ ಒಡೆದು ಒಳಗಿನ ಚೂರನ್ನೆಲ್ಲ ಚೀಲದಲ್ಲಿ ತುಂಬಿ ಕೆಳಗಿಳಿಸಲು ಎರಡು ದಿನ. ನಹಾನಿ ಟ್ರ್ಯಾಪು ಬದಲಿಸಿ, ಪೈಪು ಸ್ಲ್ಯಾಬನ್ನು ದಾಟುವ ಕಡೆ ಗ್ರೌಟು ತುಂಬಲು ಒಂದು ದಿನ. ಸ್ಲ್ಯಾಬು ಒಣಗಿದ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟು, ಒಂದು ಆರಿದ ಮೇಲೆ ಇನ್ನೊಂದು, ಗೋಡೆಯ ಮೇಲೂ ಒಂದಡಿ ಎತ್ತರಕ್ಕೆ. ಆಮೇಲೆ ಪೈಪಿನ ಬಾಯಿ ಕಟ್ಟಿ, ನೆಲದ ತುಂಬ ನೀರು ನಿಲ್ಲಿಸಿ ಎರಡು ದಿನ ಹಾಗೇ ಬಿಡಬೇಕು. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೀಟು ಎಳೆದು, ಮಾರನೆಯ ದಿನ ಮಟ್ಟ ಇಳಿದಿದೆಯೇ ಎಂದು ನೋಡುತ್ತಾರೆ. ಕೆಳಗಿನ ಚಾವಣಿಯಲ್ಲಿ ಹೊಸ ತೇವ ಕಾಣದಿದ್ದರೆ ಮಾತ್ರ ಮತ್ತೆ ತುಂಬಿ, ಮಟ್ಟ ಮಾಡಿ, ಟೈಲ್ಸ್ ಕೂರಿಸುವುದು. ಈ ನೀರು ನಿಲ್ಲಿಸುವ ಪರೀಕ್ಷೆಯನ್ನು ಅವಸರಕ್ಕೆ ಬಿಟ್ಟವರು ಮುಂದಿನ ಮಳೆಗಾಲದಲ್ಲಿ ಅದೇ ಟೈಲ್ಸನ್ನು ಮತ್ತೆ ಒಡೆಸಿರುವುದನ್ನು ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾರೆ.

ಈಗ ನಲವತ್ತು ದಿನವನ್ನು ಬಿಡಿಸಿ ನೋಡಿ. ಎರಡು ವಾರ ನಿಜವಾದ ಕೆಲಸಕ್ಕೆ ಹೋಯಿತು. ಎಷ್ಟೇ ಚುರುಕಿನ ಮಾಲೀಕರಾದರೂ ಅದನ್ನು ಒಂದು ವಾರಕ್ಕೆ ಇಳಿಸಲು ಆಗುತ್ತಿರಲಿಲ್ಲ. ಉಳಿದದ್ದು ಅರೆಮನಸ್ಸಿನ ಮೊದಲ ರಿಪೇರಿ, ಅದು ಫಲಿಸಬಹುದೆಂಬ ಕಾಯುವಿಕೆ, ಮೇಸ್ತ್ರಿಗಾಗಿ ಕಾಯುವಿಕೆ. ಮೇಸ್ತ್ರಿ ಸಿಗದಿದ್ದುದು ಮೇಷ್ಟ್ರ ಕೈಯಲ್ಲಿರಲಿಲ್ಲ ನಿಜ. ಆದರೆ ಒಂದು ವಿಷಯ ಅವರ ಕೈಯಲ್ಲಿತ್ತು. ಮೇಲಿನ ಮನೆಯಲ್ಲಿ ಎರಡು ಬಚ್ಚಲುಗಳಿದ್ದವು. ಸೋರುವ ಬಚ್ಚಲನ್ನು ಮೊದಲ ದಿನವೇ ಬಳಸುವುದು ನಿಲ್ಲಿಸಿದ್ದರೆ ಚಾವಣಿ ಅಷ್ಟು ಹಾಳಾಗುತ್ತಿರಲಿಲ್ಲ. ಅದಕ್ಕೆ ಒಂದು ಪೈಸೆಯ ಖರ್ಚೂ ಇರಲಿಲ್ಲ. ಅವರು ಜೂನ್ 22ರವರೆಗೂ ಅಲ್ಲೇ ಸ್ನಾನ ಮಾಡಿದರು, ಅಲ್ಲೇ ಬಟ್ಟೆ ಒಗೆಸಿದರು. ಕೆಳಗಿನವರಿಗೆ ಬೆಳಿಗ್ಗೆ ಬಕೆಟ್ಟಿನ ಸದ್ದು ಕೇಳುತ್ತಿತ್ತು. ಅವರ ಮನಸ್ಸು ಕಹಿಯಾದದ್ದು ಮೇಸ್ತ್ರಿ ಬರಲಿಲ್ಲ ಎಂಬುದಕ್ಕಿಂತ ಹೆಚ್ಚಾಗಿ ಆ ಸದ್ದಿಗೆ.

ಕ್ಷಮೆ ಕೇಳುವವರು ಮೊದಲು ಹುಡುಕಬೇಕಾದದ್ದು ಇಂಥ ಒಂದು ವಿಷಯವನ್ನು. ಹೆಚ್ಚಿನ ಮಾಲೀಕರು ಕ್ಷಮೆ ಕೇಳುವಾಗ ಮೇಸ್ತ್ರಿಯ ಕಥೆ ಹೇಳುತ್ತಾರೆ. ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂದ, ಫೋನೇ ಎತ್ತಲಿಲ್ಲ, ಊರಿಗೆ ಹೋದ. ಎಲ್ಲವೂ ನಿಜವಿರಬಹುದು. ಆದರೆ ಕೇಳುವವರಿಗೆ ಅದು ಇನ್ನೊಬ್ಬರ ಮೇಲೆ ಹಾಕಿದಂತೆ ಕೇಳಿಸುತ್ತದೆ. ತಾನು ಮಾಡಬಹುದಾಗಿದ್ದೂ ಮಾಡದೆ ಬಿಟ್ಟದ್ದನ್ನು ಒಂದೇ ಒಂದು ವಾಕ್ಯದಲ್ಲಿ ಹೇಳಿದರೆ ಆ ಕಥೆಯೆಲ್ಲ ಬೇಕಾಗುವುದಿಲ್ಲ.

ಹಣದ ವಿಷಯಕ್ಕೆ ಬರೋಣ. ಬಾಡಿಗೆಯಲ್ಲಿ ಎಷ್ಟು ಬಿಡಬೇಕು ಎಂಬುದಕ್ಕೆ ನಿಗದಿಯಾದ ದರವಿಲ್ಲ. ಆದರೆ ಲೆಕ್ಕ ಹಾಕುವ ಒಂದು ಸರಳ ದಾರಿ ಇದೆ. ತಿಂಗಳ ಬಾಡಿಗೆಯನ್ನು 30ರಿಂದ ಭಾಗಿಸಿದರೆ ದಿನಕ್ಕೆ 600 ರೂಪಾಯಿ. ಆ ಮನೆಯಲ್ಲಿ ಹಾಲು, ಅಡುಗೆಮನೆ, ಎರಡು ರೂಮು. ಬಳಸಲಾಗದ್ದು ಒಂದು ರೂಮು. ಅದನ್ನು ಮನೆಯ ಕಾಲು ಭಾಗ ಎಂದು ಹಿಡಿದರೆ ದಿನಕ್ಕೆ 150 ರೂಪಾಯಿ. ನಲವತ್ತು ದಿನಕ್ಕೆ 6,000 ರೂಪಾಯಿ. ಇದು ರೂಮಿಲ್ಲದೆ ಕಳೆದ ದಿನಗಳ ಲೆಕ್ಕ. ಇನ್ನೊಂದು ಲೆಕ್ಕವೂ ಇದೆ. ಯಾವ ಮಾಲೀಕರಿಗೂ ಕೆಲಸ ಮಾಡಿಸಲು ಹದಿನೈದು ದಿನವಾದರೂ ಬೇಕು, ಅದನ್ನು ಕಳೆದು ಉಳಿದ ಇಪ್ಪತ್ತೈದು ದಿನವನ್ನು ಮಾತ್ರ ವಿಳಂಬ ಎಂದು ಹಿಡಿದರೆ 3,750 ರೂಪಾಯಿ.

ಮೊದಲನೆಯದು ಬಾಡಿಗೆದಾರರ ಕಣ್ಣಿನಿಂದ ನೋಡಿದ ಲೆಕ್ಕ. ಅವರು ಬಾಡಿಗೆ ಕೊಡುವುದು ರೂಮಿಗೆ. ಯಾರ ತಪ್ಪಿನಿಂದಲಾದರೂ ಸರಿ, ರೂಮು ನಲವತ್ತು ದಿನ ಇರಲಿಲ್ಲ. ಎರಡನೆಯದು ಮಾಲೀಕರ ಕಣ್ಣಿನಿಂದ ನೋಡಿದ ಲೆಕ್ಕ. ಎರಡರಲ್ಲೂ ಮೋಸವಿಲ್ಲ. ಬಾಂಧವ್ಯ ಉಳಿಸಿಕೊಳ್ಳಲು ಬಿಡುವ ಹಣ ಈ ಎರಡರ ನಡುವೆ ಎಲ್ಲಿ ನಿಂತರೂ ನ್ಯಾಯವೇ. ಕೆಳಗಿನ ಅಂಕಿಗಿಂತ ಕಡಿಮೆಯಾದರೆ ಅದು ಕ್ಷಮೆ ಎನಿಸಿಕೊಳ್ಳುವುದಿಲ್ಲ. ನಮ್ಮ ಮೇಷ್ಟ್ರು 4,500 ರೂಪಾಯಿ ಬಿಡಲು ತೀರ್ಮಾನಿಸಿದರು. ಒಂದು ತಿಂಗಳ ಬಾಡಿಗೆಯ ಕಾಲು ಭಾಗ, ಅಂದರೆ ಪೂರ್ತಿ ಒಂದು ತಿಂಗಳು ಒಂದು ರೂಮು ಕೊಡಲಿಲ್ಲ ಎಂಬ ಲೆಕ್ಕ. ಈ ಅಂಕಿಯ ಗುಣವೆಂದರೆ ಇದನ್ನು ಒಂದೇ ಮಾತಿನಲ್ಲಿ ವಿವರಿಸಬಹುದು. ಏನೋ ಒಂದು ಎರಡು ಸಾವಿರ ಬಿಡ್ತೀನಿ ಬಿಡಿ ಎಂದರೆ ಅದು ಉಪಕಾರದಂತೆ ಕೇಳಿಸುತ್ತದೆ. ಇಂತಿಷ್ಟು ದಿನಕ್ಕೆ ಇಂತಿಷ್ಟು ಎಂದರೆ ಲೆಕ್ಕ ಚುಕ್ತಾ ಮಾಡಿದಂತಾಗುತ್ತದೆ. ಎದುರಿನವರು ತಲೆ ಎತ್ತಿಕೊಂಡೇ ಅದನ್ನು ಒಪ್ಪಿಕೊಳ್ಳಬಹುದು.

ಮಾಲೀಕರಿಗೆ ಇದು ಹೆಚ್ಚೇ ಎಂದು ಕೇಳುವವರಿದ್ದಾರೆ. ಬಚ್ಚಲು ಒಡೆದು ಕಟ್ಟಿಸಿದ ಖರ್ಚಿನ ಮೇಲೆ ಇದೊಂದು ಬೇರೆ ಎಂದು ಅನಿಸುವುದು ಸಹಜ. ಆದರೆ ಬಚ್ಚಲಿನ ಖರ್ಚು ಮಾಲೀಕರ ಆಸ್ತಿಗೆ ಸೇರಿದ್ದು. ಅದರ ಲಾಭ ಮುಂದಿನ ಹತ್ತಾರು ವರ್ಷ ಅವರಿಗೇ. ಕೆಳಗಿನವರು ಬೇಸತ್ತು ಮನೆ ಬಿಟ್ಟರೆ, ಹೊಸಬರು ಬರುವವರೆಗೆ ಮನೆ ಒಂದು ತಿಂಗಳು ಖಾಲಿ ಬಿದ್ದರೂ 18,000 ಹೋಯಿತು, ಬಣ್ಣ ಬಳಿಸುವ ಖರ್ಚು ಬೇರೆ, ಹೊಸಬರು ಎಂಥವರೋ ಎಂಬ ಚಿಂತೆ ಬೇರೆ. ಐದು ವರ್ಷದಿಂದ ಐದನೇ ತಾರೀಖಿನೊಳಗೆ ಬಾಡಿಗೆ ಕೊಡುತ್ತಿರುವ, ಮೇಲಿನವರು ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕುವ ಸಂಸಾರವನ್ನು ಉಳಿಸಿಕೊಳ್ಳುವುದಕ್ಕೆ 4,500 ಹೆಚ್ಚಲ್ಲ ಎಂದೇ ನನ್ನ ಅಭಿಪ್ರಾಯ.

ಕಾನೂನು ಇದರ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಇಬ್ಬರೂ ತಿಳಿದಿರುವುದು ಒಳ್ಳೆಯದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಇವತ್ತಿನ ಹೆಚ್ಚಿನ ಮನೆಗಳು ಆ ಕಾಯ್ದೆಯ ಹೊರಗೇ ಇವೆ. ಅಲ್ಲಿ ನಡೆಯುವುದು ಇಬ್ಬರೂ ಸಹಿ ಹಾಕಿದ ಅಗ್ರಿಮೆಂಟು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಸೆಕ್ಷನ್ ಪ್ರಕಾರ, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಯಾವ ರಿಪೇರಿ ಮಾಲೀಕರದು ಎಂಬುದನ್ನು ಅಗ್ರಿಮೆಂಟಿನಲ್ಲಿ ಬರೆದಿರಬೇಕು, ಇಲ್ಲದಿದ್ದರೆ ಅದೇ ವಾದವಾಗುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಹಂಚಿಕೆಯನ್ನು ಪಟ್ಟಿ ಮಾಡಿದೆ. ಕಟ್ಟಡದ ರಿಪೇರಿ, ಪೈಪು ಬದಲಾವಣೆ, ವೈರಿಂಗು, ಗೋಡೆಗೆ ಸುಣ್ಣಬಣ್ಣ ಮಾಲೀಕರದು. ನಲ್ಲಿಯ ವಾಷರು, ಸ್ವಿಚ್ಚು, ಗೀಸರು, ಚಿಲಕ, ಕಿಟಕಿಯ ಗಾಜಿನಂಥವು ಬಾಡಿಗೆದಾರರದು. ಅದು ಮಾದರಿಯಷ್ಟೇ, ಆಯಾ ರಾಜ್ಯ ಅಳವಡಿಸಿಕೊಂಡರೆ ಮಾತ್ರ ಕಾನೂನಾಗುತ್ತದೆ. ಆದರೂ ಅಗ್ರಿಮೆಂಟು ಬರೆಯುವಾಗ ಆ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಲು ಅಡ್ಡಿಯಿಲ್ಲ.

ಇಷ್ಟನ್ನು ಹೇಳಿದ್ದು ಹೆದರಿಸಲು ಅಲ್ಲ. ಸೆಕ್ಷನ್ 108ರಲ್ಲಿ ಖರ್ಚು ಹಿಡಿದುಕೊಳ್ಳುವ ದಾರಿಯೇನೋ ಇದೆ, ಆದರೆ ನಲವತ್ತು ದಿನ ಹಾಲಿನಲ್ಲಿ ಮಲಗಿದ್ದಕ್ಕೆ ಇಷ್ಟು ಕೊಡಿ ಎಂದು ಅದು ಹೇಳುವುದಿಲ್ಲ. ಬಾಡಿಗೆದಾರರು 4,500 ರೂಪಾಯಿಗಾಗಿ ಕೋರ್ಟು ಮೆಟ್ಟಿಲು ಹತ್ತುವುದೂ ಇಲ್ಲ. ಆ ಜಾಗದಲ್ಲಿ ಕೆಲಸ ಮಾಡುವುದು ಮಾಲೀಕರ ಸ್ವಂತ ಮನಸ್ಸು ಮಾತ್ರ.

ಮೇಷ್ಟ್ರು ಜುಲೈ 20ರ ಸಂಜೆ ಹೆಂಡತಿಯ ಜೊತೆ ಕೆಳಗಿಳಿದು ಹೋದರು. ಫೋನಿನಲ್ಲಿ ಹೇಳಲಿಲ್ಲ. ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಬಂದು ಚಾವಣಿಯ ಫ್ಯಾನಿನ ಪಾಯಿಂಟು ಒಣಗಿದೆಯೇ ಎಂದು ನೋಡಿ, ಅಲ್ಲಿಯವರೆಗೆ ಇಳಿಸಿಟ್ಟಿದ್ದ ಆ ರೂಮಿನ ಎಂಸಿಬಿಯನ್ನು ಮತ್ತೆ ಹಾಕಿದ್ದರು. ಮಾತು ಹೀಗೆ ನಡೆಯಿತು ಎಂದು ಊಹಿಸಿಕೊಳ್ಳಿ.

“ಅಮ್ಮ, ನಲವತ್ತು ದಿವಸ ನಿಮ್ಮನ್ನ ಹಾಲಲ್ಲಿ ಮಲಗಿಸಿಬಿಟ್ವಿ. ಮೇಸ್ತ್ರಿ ಸಿಗಲಿಲ್ಲ ಅನ್ನೋದು ಒಂದು ಕಡೆ ಇರಲಿ, ಆ ಬಚ್ಚಲನ್ನ ನಾವು ಮೊದಲ ದಿನಾನೇ ನಿಲ್ಲಿಸಬೇಕಿತ್ತು. ಅದು ನಮ್ಮದೇ ತಪ್ಪು.”

“ಅಯ್ಯೋ, ಇರಲಿ ಬಿಡಿ ಮೇಷ್ಟ್ರೇ. ಮನೆ ಅಂದಮೇಲೆ ಇವೆಲ್ಲ ಇದ್ದದ್ದೇ.”

“ಇದ್ದದ್ದೇ, ಸರಿ. ಆದರೂ ಒಂದು ತಿಂಗಳು ಒಂದು ರೂಮು ನಿಮಗೆ ಇರಲಿಲ್ಲ. ಅದರ ಬಾಡಿಗೆ ನಾನು ತಗೊಳ್ಳೋದು ಸರಿಯಲ್ಲ. ಬರೋ ತಿಂಗಳು ನಾಲ್ಕೂವರೆ ಸಾವಿರ ಕಡಿಮೆ ಹಾಕಿ. ನಿಮ್ಮ ಮಗನಿಗೆ ಬರೆದೂ ಕಳಿಸ್ತೀನಿ.”

“ಅದೆಲ್ಲ ಯಾಕೆ ಸಾರ್,” ಎಂದು ಮಗ ಹೇಳಬಹುದು. ನಮ್ಮ ಕಡೆ ಮೊದಲ ಸಲ ಬೇಡ ಎನ್ನುವುದು ಮರ್ಯಾದೆ. ಹಾಗೆ ಬೇಡ ಎಂದದ್ದನ್ನೇ ಹಿಡಿದುಕೊಂಡು ಮಾತು ಹಿಂದಕ್ಕೆ ತೆಗೆದುಕೊಂಡರೆ ಬಂದ ಉದ್ದೇಶವೇ ಕೆಟ್ಟಿತು. ಅದೇ ಸಂಜೆ ಮೇಷ್ಟ್ರು ವಾಟ್ಸಾಪಿನಲ್ಲಿ ಈ ನಾಲ್ಕು ಸಾಲು ಕಳಿಸಿದರು:

“ನಮಸ್ಕಾರ. ಜೂನ್ 10ಕ್ಕೆ ನೀವು ಹೇಳಿದ ಚಾವಣಿ ಸೋರಿಕೆ ಕೆಲಸ ಜುಲೈ 20ಕ್ಕೆ ಮುಗಿಯಿತು. ತಡವಾದದ್ದಕ್ಕೆ ಕ್ಷಮಿಸಿ. ಆಗಸ್ಟ್ ತಿಂಗಳ ಬಾಡಿಗೆ 18,000ದ ಬದಲು 13,500 ಕೊಡಿ. ಸೆಪ್ಟೆಂಬರ್‌ನಿಂದ ಎಂದಿನಂತೆ 18,000. ಇದಕ್ಕೂ ಅಡ್ವಾನ್ಸಿಗೂ ಮುಂದಿನ ಅಗ್ರಿಮೆಂಟಿಗೂ ಸಂಬಂಧವಿಲ್ಲ. ಚಾವಣಿ ಪೂರ್ತಿ ಒಣಗಿದ ಮೇಲೆ, ಸೆಪ್ಟೆಂಬರ್ ಕೊನೆಯೊಳಗೆ, ಪ್ಲಾಸ್ಟರ್ ಕೆತ್ತಿಸಿ ಬಣ್ಣ ಬಳಿಸಿಕೊಡುತ್ತೇನೆ. ಮತ್ತೆ ಎಲ್ಲಾದರೂ ತೇವ ಕಂಡರೆ ಅದೇ ದಿನ ತಿಳಿಸಿ.”

ಈ ಸಂದೇಶದ ಒಂದೊಂದು ವಾಕ್ಯಕ್ಕೂ ಕಾರಣವಿದೆ. ಎರಡು ತಾರೀಖು ಬರೆದದ್ದರಿಂದ ಮುಂದೆ ಎಷ್ಟು ದಿನವಾಗಿತ್ತು ಎಂಬ ವಾದ ಏಳುವುದಿಲ್ಲ. ಆಗಸ್ಟ್‌ಗೆ ಮಾತ್ರ ಎಂದು ಬರೆದು ಸೆಪ್ಟೆಂಬರಿನ ಬಾಡಿಗೆಯನ್ನೂ ಬರೆದದ್ದು ಬಹಳ ಮುಖ್ಯ. ಒಂದು ತಿಂಗಳ ವಿನಾಯಿತಿಯನ್ನು ಬಾಡಿಗೆಯೇ ಇಳಿಯಿತು ಎಂದು ತಿಳಿದುಕೊಂಡು ನಡೆದ ಜಗಳಗಳು ಎಷ್ಟೋ. ಅಡ್ವಾನ್ಸಿಗೂ ಅಗ್ರಿಮೆಂಟಿಗೂ ಸಂಬಂಧವಿಲ್ಲ ಎಂಬ ಮಾತು ಬಾಡಿಗೆದಾರರಿಗೆ ಧೈರ್ಯ ಕೊಡುವಂಥದ್ದು. ಆಗಸ್ಟಿನಲ್ಲಿ ಬಿಟ್ಟ 4,500ನ್ನು ಜನವರಿಯಲ್ಲಿ ಹೊಸ ಅಗ್ರಿಮೆಂಟು ಮಾಡುವಾಗ ಹೆಚ್ಚಿನ ಏರಿಕೆಯಾಗಿ ವಾಪಸು ಪಡೆಯುವುದು ಕೊಟ್ಟು ಕಿತ್ತುಕೊಂಡಂತೆ. ಹಾಗೆ ಮಾಡುವುದಾದರೆ ಬಿಡದಿರುವುದೇ ವಾಸಿ.

ಬಣ್ಣದ ತಾರೀಖನ್ನು ಎರಡು ತಿಂಗಳು ಮುಂದಕ್ಕೆ ಹಾಕಿದ್ದನ್ನು ಕಂಡು ಇದೂ ತಡವೇ ಎಂದು ಕೆಲವರಿಗೆ ಅನಿಸಬಹುದು. ಇದು ತಡವಲ್ಲ. ನೆನೆದ ಸ್ಲ್ಯಾಬು ಹೊರಗಿನಿಂದ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ತೇವ ಹಿಡಿದಿರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅದರ ಮೇಲೆ ಪುಟ್ಟಿ ಹಾಕಿ ಬಣ್ಣ ಬಳಿದರೆ ಒಂದೆರಡು ತಿಂಗಳಲ್ಲಿ ಬಿಳಿ ಉಪ್ಪು ಎದ್ದು ಬಣ್ಣ ಸಿಪ್ಪೆಯಾಗಿ ಬೀಳುತ್ತದೆ. ಆಗ ಬಾಡಿಗೆದಾರರು ರಿಪೇರಿಯೇ ಆಗಿಲ್ಲ ಎಂದು ತಿಳಿದುಕೊಳ್ಳುತ್ತಾರೆ. ಒಣಗಿದೆಯೇ ಎಂದು ನೋಡಲು ಒಂದು ಸುಲಭದ ದಾರಿ ಇದೆ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಾಕಿ ಚಾವಣಿಗೆ ಬಿಗಿಯಾಗಿ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿ ಕಂಡರೆ ಇನ್ನೂ ಕಾಯಬೇಕು. ಇದನ್ನು ಮೇಷ್ಟ್ರು ಬಾಡಿಗೆದಾರರ ಎದುರಿಗೇ ಮಾಡಿ ತೋರಿಸಿದರೆ ಬಣ್ಣ ಯಾಕೆ ಬಳಿಸಲಿಲ್ಲ ಎಂಬ ಪ್ರಶ್ನೆ ಬರುವುದಿಲ್ಲ. ಕಾಯುವುದಕ್ಕೆ ಕಾರಣ ಗೊತ್ತಿದ್ದವರು ಸಿಟ್ಟಾಗುವುದು ಕಡಿಮೆ.

ವಿನಾಯಿತಿ ಹೇಳುವ ಹೊತ್ತಿನ ಬಗ್ಗೆ ಒಂದು ಮಾತು ಹೇಳಬೇಕು. ರಿಪೇರಿ ನಡೆಯುತ್ತಿರುವಾಗಲೇ, ಅಥವಾ ಶುರುವಾಗುವ ಮುಂಚೆಯೇ, ಒಂದೆರಡು ಸಾವಿರ ಕಡಿಮೆ ಕೊಡಿ ಎನ್ನುವವರಿದ್ದಾರೆ. ಅದು ಬಾಯಿ ಮುಚ್ಚಿಸಲು ಕೊಟ್ಟ ಹಣದಂತೆ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಾಡಿಗೆ ಕಡಿಮೆ ಮಾಡಿದ್ದೇನಲ್ಲ ಎಂಬ ಸಮಾಧಾನದಲ್ಲಿ ಮಾಲೀಕರ ಅವಸರವೇ ಕಡಿಮೆಯಾಗಿ ಕೆಲಸ ಇನ್ನೂ ಹಿಂದೆ ಬೀಳುತ್ತದೆ. ಕೆಲಸ ನಡೆಯುವಾಗ ಬಾಡಿಗೆದಾರರಿಗೆ ಬೇಕಾಗಿರುವುದು ಸುದ್ದಿ. ಮೇಸ್ತ್ರಿ ಇಂಥ ದಿನ ಬರುತ್ತಾರೆ, ಇವತ್ತು ನೀರು ನಿಲ್ಲಿಸಿದ್ದೇವೆ, ನಾಡಿದ್ದು ಟೈಲ್ಸ್ ಕೂರಿಸುತ್ತಾರೆ ಎಂದು ಮೂರು ದಿನಕ್ಕೊಮ್ಮೆ ಒಂದು ಸಾಲು. ಹಣದ ಮಾತು ಕೆಲಸ ಮುಗಿದ ಮೇಲೆ. ಒಂದೇ ಒಂದು ಅಪವಾದವಿದೆ. ಮನೆಯೇ ವಾಸಕ್ಕೆ ಆಗದಂತಾಗಿ ಅವರು ನೆಂಟರ ಮನೆಗೋ ಲಾಡ್ಜಿಗೋ ಹೋಗಬೇಕಾದರೆ ಬಾಡಿಗೆಯ ಮಾತನ್ನು ಅಂದೇ ಆಡಬೇಕು. ಅಲ್ಲಿ ಕಾಲು ಭಾಗದ ಲೆಕ್ಕ ನಡೆಯುವುದಿಲ್ಲ, ಆ ದಿನಗಳ ಪೂರ್ತಿ ಬಾಡಿಗೆಯನ್ನೇ ಬಿಡಬೇಕು.

ಎಲ್ಲ ರಿಪೇರಿಗೂ ಹೀಗೆ ಬಿಡಬೇಕೆಂದೇನಿಲ್ಲ. ಕೆಳಗಿನವರೇ ಬಚ್ಚಲಿನ ಜಾಲರಿ ತೆಗೆದು ಅನ್ನ, ಕೂದಲು ಹೋಗಲು ಬಿಟ್ಟು ಪೈಪು ಕಟ್ಟಿಕೊಂಡರೆ ಅದು ಅವರದೇ ಜವಾಬ್ದಾರಿ. ಮೂರು ದಿನದಲ್ಲಿ ಮುಗಿದ ನಲ್ಲಿ ಕೆಲಸಕ್ಕೆ ವಿನಾಯಿತಿ ಕೊಟ್ಟರೆ ಇಬ್ಬರಿಗೂ ಮುಜುಗರ. ಹಾಗೆಯೇ ತೇವಕ್ಕೆ ತಾಯಿಯ ಹಾಸಿಗೆಯೋ ಬೀರುವಿನ ಬಟ್ಟೆಯೋ ಹಾಳಾಗಿದ್ದರೆ ಅದನ್ನು ಬಾಡಿಗೆಯ ಲೆಕ್ಕದಲ್ಲಿ ಸೇರಿಸಬೇಡಿ. ಅದು ಬೇರೆ ನಷ್ಟ. ಹಾಸಿಗೆ ಹೋಗಿದ್ದರೆ ಹಾಸಿಗೆಯ ಬೆಲೆಯನ್ನೇ ಕೇಳಿ ಕೊಡಿ.

ಇನ್ನು ರಸೀದಿ. ಮಗ ಆಫೀಸಿನಲ್ಲಿ ಮನೆ ಬಾಡಿಗೆ ಭತ್ಯೆಗೆ ರಸೀದಿ ಕೊಡುತ್ತಿದ್ದರೆ ಆಗಸ್ಟ್ ತಿಂಗಳ ರಸೀದಿ 13,500ಕ್ಕೇ ಇರಬೇಕು. ಹೋಗಲಿ ಬಿಡಿ, ಎಲ್ಲ ತಿಂಗಳೂ 18,000 ಎಂದೇ ಬರೆದುಕೊಡುತ್ತೇನೆ ಎಂದು ಮಾಲೀಕರು ಸ್ನೇಹಕ್ಕೆ ಹೇಳುವುದುಂಟು. ಬ್ಯಾಂಕಿನಲ್ಲಿ 13,500 ಹೋಗಿ ರಸೀದಿಯಲ್ಲಿ 18,000 ಇದ್ದರೆ ಅದು ಸುಳ್ಳು ರಸೀದಿ. ನಾಳೆ ಕೇಳಿದರೆ ಇಬ್ಬರೂ ಉತ್ತರ ಹೇಳಬೇಕಾಗುತ್ತದೆ. ಮಾಲೀಕರ ಕಡೆಯಿಂದಲೂ ಒಂದು ತಿಳಿದಿರಬೇಕಾದ ವಿಷಯವಿದೆ. ಬಾಡಿಗೆ ಆದಾಯಕ್ಕೆ ತೆರಿಗೆ ಲೆಕ್ಕ ಹಾಕುವಾಗ ಮುನಿಸಿಪಲ್ ತೆರಿಗೆ ಕಳೆದು ಉಳಿದದ್ದರಲ್ಲಿ ಶೇಕಡಾ 30ನ್ನು ಕಾನೂನೇ ಬಿಟ್ಟುಕೊಡುತ್ತದೆ. ರಿಪೇರಿ ಖರ್ಚೆಲ್ಲ ಅದರಲ್ಲೇ ಸೇರಿತು. ಬಚ್ಚಲಿನ ಬಿಲ್ಲನ್ನು ಬೇರೆಯಾಗಿ ತೋರಿಸಲು ಬರುವುದಿಲ್ಲ.

ಬಾಡಿಗೆದಾರರ ಪಾಲಿನ ಕೆಲಸವೂ ಸ್ವಲ್ಪ ಇದೆ. ಮೊದಲ ದಿನವೇ ಫೋಟೋ ತೆಗೆದು ತಾರೀಖಿನ ಸಮೇತ ಕಳಿಸುವುದು, ತೇವ ಫ್ಯಾನಿನ ಕಡೆಗೆ ಹರಿದರೆ ತಕ್ಷಣ ಆ ರೂಮಿನ ಕರೆಂಟು ತೆಗೆಯುವುದು, ಯಾವ ಹೊತ್ತಿನಲ್ಲಿ ತೊಟ್ಟಿಕ್ಕುತ್ತದೆ ಎಂದು ಗಮನಿಸಿ ಹೇಳುವುದು. ಸ್ನಾನವಾದ ಅರ್ಧ ಗಂಟೆಗೆ ಜಾಸ್ತಿಯಾಗುತ್ತದೆ ಎಂಬ ಒಂದು ಮಾತು ಪ್ಲಂಬರಿನ ವಾರದ ಹುಡುಕಾಟ ತಪ್ಪಿಸಬಲ್ಲದು. ವಿನಾಯಿತಿ ಬಂದಾಗ ಸರಿ ಸಾರ್, ಆಗಸ್ಟಿಗೆ 13,500 ಹಾಕ್ತೀನಿ ಎಂದು ಒಂದು ಸಾಲಿನ ಉತ್ತರ ಬರೆದರೆ ಸಾಕು. ಹೇಳದೆ ಕೇಳದೆ ತಾವಾಗಿಯೇ ಬಾಡಿಗೆಯಲ್ಲಿ ಹಿಡಿದುಕೊಂಡು ಕಳಿಸುವುದು ಮಾತ್ರ ಬೇಡ. ಅದರಿಂದ ನ್ಯಾಯ ತಮ್ಮ ಕಡೆಯಿದ್ದರೂ ಮಾತು ಕೆಡುತ್ತದೆ.

ಕೊನೆಯದಾಗಿ ಮಾಲೀಕರಲ್ಲಿ ಒಂದು ಕೋರಿಕೆ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿಯುವ ರೂಢಿ ಅನೇಕ ಕಡೆ ಇದೆ, ಅಗ್ರಿಮೆಂಟಿನಲ್ಲೂ ಬರೆದಿರುತ್ತಾರೆ. ನಿಮ್ಮ ಮನೆಯ ಸೋರಿಕೆಯಿಂದ ಹಾಳಾದ ರೂಮಿಗೆ ನೀವೇ ಬಣ್ಣ ಬಳಿಸಿದ್ದರೆ, ಆ ರೂಮಿನ ಪಾಲನ್ನು ಕಳೆದು ಉಳಿದದ್ದನ್ನು ಮಾತ್ರ ಹಿಡಿಯಿರಿ, ಹಾಗೆಂದು ಈಗಲೇ ಬರೆದುಕೊಡಿ. ಎರಡು ವರ್ಷದ ನಂತರ ಲಾರಿಗೆ ಸಾಮಾನು ತುಂಬುವ ದಿನ ಆ ನಲವತ್ತು ದಿನದ ಲೆಕ್ಕವನ್ನು ಮತ್ತೆ ತೆಗೆಯುವಂತಾಗಬಾರದು.